ಸೋಮನಾಥಪುರ: ಹೊರಗೆ ನಕ್ಷತ್ರ, ಒಳಗೆ ಚೌಕ

(ಪೂರ್ವದ ಬಾಗಿಲಿಂದ ಗುಡಿಯ ಪೂರ್ಣ ನೋಟ, ಬೆಳಗಿನ ಬಿಸಿಲು)

"ಮೂರು ಗೋಪುರದ ಗುಡಿ" ಅಂತ ಎಷ್ಟೋ ಜನ ಸೋಮನಾಥಪುರದ ಈ ಕೇಶವ ಗುಡಿಯನ್ನ ಕರೀತಾರೆ. ಇಲ್ಲಿ ಒಂದೂ ಗೋಪುರ ಇಲ್ಲ. ಗೋಪುರ ಹೆಬ್ಬಾಗಿಲ ಮೇಲಿರುತ್ತೆ. ದೇವರ ನೆತ್ತಿಯ ಮೇಲೆ ಏಳೋದು ವಿಮಾನ. 1258ರಲ್ಲಿ, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಈ ಗುಡಿಗೆ ಅಂಥವು ಮೂರು.

(ಮೆಟ್ಟಿಲು, ಕ್ಯಾಮೆರಾ ನೆಲಮಟ್ಟದಲ್ಲಿ)

ಮೊದಲು ಜಗತಿ. ಸುಮಾರು ಮೂರಡಿ ಎತ್ತರದ ಕಟ್ಟೆ. ಜಗತಿ ಅನ್ನೋ ಪದಕ್ಕೆ ಭೂಮಿ ಅಂತಲೇ ಅರ್ಥ. ಮೆಟ್ಟಿಲು ಹತ್ತಿದವರು ಊರಿನ ನೆಲ ಬಿಟ್ಟು ದೇವರ ನೆಲಕ್ಕೆ ಬಂದ ಹಾಗೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು ಅನ್ನೋ ವಾಡಿಕೆಗೆ ಲೆಕ್ಕ ಸರಳ: ಬಲಗಾಲಿಟ್ಟು ಶುರು ಮಾಡಿದ್ರೆ ಕೊನೇ ಮೆಟ್ಟಿಲಿಗೂ ಬಲಗಾಲೇ ಬರುತ್ತೆ.

ಹತ್ತಿದ ಕೂಡಲೇ ಒಳಗೆ ನುಗ್ಗಬೇಡಿ. ಈ ಕಟ್ಟೆಯೇ ಪ್ರದಕ್ಷಿಣೆಯ ದಾರಿ. ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ಅಪ್ರದಕ್ಷಿಣೆ ಬಂದ್ರೆ ಕಥೆ ಹಿಂದುಮುಂದಾಗುತ್ತೆ.

(ನವರಂಗದಿಂದ ಒಳಕ್ಕೆ, ಒಂದೇ ಶಾಟ್, ಫ್ಲ್ಯಾಶ್ ಇಲ್ಲ)

ಬೆಳಕು ಹೇಗೆ ಇಳೀತಾ ಹೋಗುತ್ತೆ ನೋಡಿ. ಅಂಗಳದ ಬಿಸಿಲು, ನವರಂಗ ಅನ್ನೋ ಮಂಟಪದ ಮಬ್ಬು, ಗರ್ಭಗುಡಿಯ ಮುಂದಿನ ಪುಟ್ಟ ಕೋಣೆ ಸುಕನಾಸಿಯ ನೆರಳು, ಆಮೇಲೆ ಕತ್ತಲು. ಗರ್ಭಗುಡಿಗೆ ಕಿಟಕಿ ಇಲ್ಲ, ಬಾಗಿಲು ಒಂದೇ. ಹೆಸರೇ ಹೇಳೋ ಹಾಗೆ ಇದು ಬಸಿರು. ಕತ್ತಲಲ್ಲೇ ಜೀವ ಮೂಡೋದು. ಬಾಗಿಲ ತೊಲೆಯ ನಡುವಿನ ಪುಟ್ಟ ಶಿಲ್ಪದ ಹೆಸರು ಲಲಾಟಬಿಂಬ. ಲಲಾಟ ಅಂದ್ರೆ ಹಣೆ.

ಪಶ್ಚಿಮಕ್ಕೆ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ. ಮೂರೂ ಕೋಣೆ ಚೌಕ.

(ರೇಖಾಚಿತ್ರ: ಒಂದು ಚೌಕ ನಿಧಾನಕ್ಕೆ ತಿರುಗುತ್ತದೆ)

ಹೊರಗೋಡೆ ಮಾತ್ರ ನಕ್ಷತ್ರ! ಒಂದು ಚೌಕ ಬರೆಯಿರಿ. ಅದರ ನಡುಬಿಂದು ಕದಲಿಸದೆ 22.5 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ನಾಲ್ಕು ಚೌಕ ಬಂದಾಗ ಹದಿನಾರು ಮೂಲೆ ಸಿಗುತ್ತೆ. ನಡುಬಿಂದು ಒಂದಿಷ್ಟು ಸರಿದ್ರೂ ಮೂಲೆಗಳು ಸಮ ಬೀಳೋದಿಲ್ಲ. ಒಳಗೆ ಕದಲದ ಚೌಕ, ಹೊರಗೆ ಅದರ ಸುತ್ತ ತಿರುಗಿದ ಚೌಕಗಳು: ಗೋಡೆಯೇ ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ. ಇದು ನಮ್ಮ ಓದು. ಆದ್ರೆ ಕಲ್ಲಿನ ಲೆಕ್ಕ ಅದಕ್ಕೆ ಒಪ್ಪುತ್ತೆ.

(ಬುಡದಿಂದ ತುದಿಯವರೆಗೆ ಕ್ಯಾಮೆರಾ ಮೇಲಕ್ಕೆ)

ಅದೇ ನಕ್ಷತ್ರ ಅಂತಸ್ತು ಅಂತಸ್ತಾಗಿ ಕಿರಿದಾಗ್ತಾ ಮೇಲೇರುತ್ತೆ. ಶಾಸ್ತ್ರ ವಿಮಾನವನ್ನ ದೇಹದ ಹಾಗೆ ಕಾಣುತ್ತೆ: ಗೋಡೆಗೆ 'ಪಾದ' ಅಂತ ಹೆಸರು, ಮೇಲೆ 'ಗ್ರೀವ' ಅಂದ್ರೆ ಕತ್ತು, ಅದರ ಮೇಲಿನ ತಲೆಗಷ್ಟೇ 'ಶಿಖರ'. ಒಳಗಿನ ಸುಕನಾಸಿಯ ಮೇಲೆ ಮುಂದಕ್ಕೆ ಚಾಚಿರೋ ಭಾಗಕ್ಕೂ ಅದೇ ಹೆಸರು: ಸುಕನಾಸಿ, ಅಂದ್ರೆ ಗಿಣಿಮೂಗು.

(ರೇಖಾಚಿತ್ರ: ಅಡ್ಡಸೀಳಿಕೆ, ಕೆಂಪು ಗೆರೆ)

ತುದಿಯಿಂದ ಒಂದು ತೂಕದ ಗುಂಡು ಇಳಿಬಿಡಿ. ಆ ದಾರ ಗರ್ಭಗುಡಿಯ ನಟ್ಟನಡುವೆ ಬಂದು ನಿಲ್ಲುತ್ತೆ.