ಎರಡನೇ ತ್ರೈಮಾಸಿಕ ವರದಿ: ತಿದ್ದಿದ ಸಾರಾಂಶ

ನಮಸ್ಕಾರ ಮೇಡಂ,

ವರದಿ ಪೂರ್ತಿ ಓದಿದೆ. ಲೆಕ್ಕವೆಲ್ಲ ತಾಳೆಯಾಗುತ್ತದೆ. ಸಾರಾಂಶವನ್ನು ಮಾತ್ರ ಬಿಗಿ ಮಾಡಿದ್ದೇನೆ. ನಿಮ್ಮದು ಹೀಗೆ ಶುರುವಾಗುತ್ತಿತ್ತು: “ಸಾಲು ಸಾಲು ಹಬ್ಬಗಳ ಹಿನ್ನೆಲೆಯಲ್ಲಿ ಕುರುಕಲು ತಿಂಡಿಗಳ ಮಾರುಕಟ್ಟೆಯಲ್ಲಿ ಉತ್ತಮ ಬೇಡಿಕೆ ಕಂಡುಬಂದಿದ್ದು, ಸಂಸ್ಥೆಯು ಹಲವು ಸವಾಲುಗಳ ನಡುವೆಯೂ...” ಪ್ಯಾಕಿಂಗ್ ಮೆಷಿನ್ ವಿಷಯ ಎರಡನೇ ಪುಟದ ಕೊನೆಯಲ್ಲಿ “ಪರಿಶೀಲಿಸಬಹುದಾಗಿದೆ” ಎಂದು ಬಂದಿದೆ. ನಿರ್ದೇಶಕರಲ್ಲಿ ಇಬ್ಬರು ಸಭೆಗೆ ಬರುವ ದಾರಿಯಲ್ಲಿ ಮೊಬೈಲಿನಲ್ಲೇ ಓದುತ್ತಾರೆ. ನಾವು ಏನು ಕೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗದಿದ್ದರೆ ವಿಷಯ ಜನವರಿ ಸಭೆಗೆ ಹೋಗುತ್ತದೆ. ಕೊಟೇಶನ್ ಇರುವುದು ಅಕ್ಟೋಬರ್ 31ರವರೆಗೆ ಮಾತ್ರ, ಅಲ್ವಾ? ಹೊಸ ಸಾರಾಂಶ ಇದು:

ಸಾರಾಂಶ: ಜುಲೈ–ಸೆಪ್ಟೆಂಬರ್ 2025

ಎರಡನೇ ಪ್ಯಾಕಿಂಗ್ ಮೆಷಿನ್ ಕೊಳ್ಳಲು ಜಿಎಸ್‌ಟಿ ಬಿಟ್ಟು 18 ಲಕ್ಷ ರೂಪಾಯಿಗೆ ಮಂಡಳಿ ಈ ಸಭೆಯಲ್ಲೇ ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ. 6 ಲಕ್ಷ ನಮ್ಮ ಕೈಯಿಂದ, 12 ಲಕ್ಷ ಬ್ಯಾಂಕ್ ಸಾಲ. ಮೆಷಿನ್ ಬರಲು ಎಂಟು ವಾರ ಬೇಕು. ಅಕ್ಟೋಬರ್ 31ರೊಳಗೆ ಆರ್ಡರ್ ಕೊಟ್ಟರೆ ಸಂಕ್ರಾಂತಿಯ ಎಳ್ಳು-ಬೆಲ್ಲದ ಪ್ಯಾಕಿಂಗ್‌ಗೆ ಸಿಗುತ್ತದೆ.

ಈ ಮೂರು ತಿಂಗಳಲ್ಲಿ 40 ಟನ್ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟನ್ನು ಹೊರಗೆ ಪ್ಯಾಕ್ ಮಾಡಿಸಿದೆವು. ಅವರಿಗೆ ಕೊಡುವುದು ಕಿಲೋಗೆ 9 ರೂಪಾಯಿ. ನಾವೇ ಮಾಡಿದರೆ 3 ರೂಪಾಯಿ. ಅಂದರೆ ತ್ರೈಮಾಸಿಕಕ್ಕೆ 2.4 ಲಕ್ಷ ಉಳಿತಾಯ. ಬಡ್ಡಿ ಬಿಟ್ಟು, ಎರಡು ವರ್ಷದೊಳಗೆ ಹಾಕಿದ ಹಣ ವಾಪಸ್. ಈ ಕೆಲಸ ಅರ್ಧಕ್ಕೆ ಇಳಿದರೆ ಸುಮಾರು ನಾಲ್ಕು ವರ್ಷ ಬೇಕಾಗುತ್ತದೆ. ಹೊರಗಿನ ಪ್ಯಾಕಿಂಗ್‌ನಲ್ಲಿ ಸೀಲ್ ಸರಿಯಿಲ್ಲದೆ ಮೆತ್ತಗಾಗಿ ವಾಪಸ್ ಬಂದ ಮಾಲು 1.1 ಲಕ್ಷದ್ದು. ಅದು ಈ ಲೆಕ್ಕದಲ್ಲಿ ಸೇರಿಲ್ಲ.

ಮಾರಾಟ 3.12 ಕೋಟಿ, ಕಳೆದ ವರ್ಷ ಇದೇ ಅವಧಿಯಲ್ಲಿ 2.86 ಕೋಟಿ. ಲಾಭ ಮಾತ್ರ 21 ಲಕ್ಷದಿಂದ 19.4 ಲಕ್ಷಕ್ಕೆ ಇಳಿದಿದೆ. ಹೊರಗಿನ ಪ್ಯಾಕಿಂಗ್ ಖರ್ಚೇ ಇದಕ್ಕೆ ಮುಖ್ಯ ಕಾರಣ. ಸೆಪ್ಟೆಂಬರ್ ಮಾರಾಟ ಕುಗ್ಗಿದ್ದು ತಾತ್ಕಾಲಿಕ: ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯುತ್ತದೆಂದು 3ರಂದೇ ಘೋಷಣೆಯಾಯಿತು. ದರ ಇಳಿಯುವವರೆಗೆ ಡೀಲರುಗಳು ಆರ್ಡರ್ ತಡೆಹಿಡಿದಿದ್ದರು. ಅಕ್ಟೋಬರ್ ಮೊದಲ ವಾರದಲ್ಲಿ ಅವು ಮರಳಿ ಬಂದಿವೆ.

ಇಷ್ಟೇ. ಮಾರುಕಟ್ಟೆ ಹಿನ್ನೆಲೆಯನ್ನು ನಾಲ್ಕನೇ ಪುಟಕ್ಕೆ ಕಳಿಸಿದ್ದೇನೆ. ಡೀಲರ್ ಸಮಾವೇಶದ ಎರಡು ಪ್ಯಾರಾ ತೆಗೆದಿದ್ದೇನೆ. ಚೆನ್ನಾಗಿ ಬರೆದಿದ್ದೀರಿ, ಆದರೆ ಒಪ್ಪಿಗೆಗೆ ಅದರಿಂದ ಉಪಯೋಗವಿಲ್ಲ. ಕೆಲಸಗಾರರಿಗೆ ಹೇಳಿದ ಕೃತಜ್ಞತೆ ಮಾತ್ರ ಬಿಡಬಾರದು. ಅದು ವರದಿಯ ಕೊನೆಯಲ್ಲಿ ಹಾಗೇ ಇದೆ.

ಅರ್ಧಕ್ಕೆ ಇಳಿದರೆ ಎಂಬ ಸಾಲನ್ನು ನಾನೇ ಸೇರಿಸಿದ್ದು. ಆ ಪ್ರಶ್ನೆ ಬಂದೇ ಬರುತ್ತದೆ. ವಾಪಸ್ ಬಂದ ಮಾಲಿನ 1.1 ಲಕ್ಷದಲ್ಲಿ ಸೆಪ್ಟೆಂಬರ್ ಕೊನೆಯ ವಾರದ್ದೂ ಸೇರಿದೆಯೇ ಎಂದು ಗೋಡೌನ್‌ನಲ್ಲಿ ಕೇಳಿ ನಾಳೆ ಸಂಜೆಯೊಳಗೆ ತಿಳಿಸಿ. ಆಮೇಲೆ ಪ್ರಿಂಟ್‌ಗೆ ಕಳಿಸೋಣ.