ಟ್ರಯಲ್ ಶುರು ಮಾಡುವ ಮುನ್ನ ಇದನ್ನು ಓದು

ಪುಟ್ಟಿ,

ನಿನ್ನೆ ರಾತ್ರಿ ವಿಡಿಯೊ ಎಡಿಟಿಂಗ್ ಆ್ಯಪ್‌ಗೆ ನನ್ನ ಕಾರ್ಡ್ ಕೇಳಿದಾಗ ಥಟ್ಟನೆ ಬೇಡ ಎಂದುಬಿಟ್ಟೆ. ಏಳು ದಿನ ಉಚಿತ ಎಂದು ನೀನು ಎಷ್ಟು ಹೇಳಿದರೂ ಕೇಳಲಿಲ್ಲ. ಮುಖ ಸಣ್ಣದು ಮಾಡಿಕೊಂಡು ನೀನು ಮಲಗಲು ಹೋದದ್ದು ನನ್ನ ಮನಸ್ಸಿನಲ್ಲೇ ಉಳಿಯಿತು. ನಾಟಕದ ವಿಡಿಯೊ ನೀನು ಚೆನ್ನಾಗಿ ಮಾಡಬೇಕೆಂಬ ಆಸೆ ನನಗೂ ಇದೆ. ಆದ್ದರಿಂದ ಟ್ರಯಲ್ ತೆಗೆದುಕೊಳ್ಳೋಣ, ಆದರೆ ಇದನ್ನು ಪೂರ್ತಿ ಓದಿದ ಮೇಲೆ.

ಉಚಿತವಾದರೆ ಕಾರ್ಡ್ ಏಕೆ ಕೇಳುತ್ತಾರೆ? ಏಳು ದಿನ ಮುಗಿದ ಕೂಡಲೇ, ಮತ್ತೆ ನಿನ್ನನ್ನು ಕೇಳದೆ ಹಣ ತೆಗೆದುಕೊಳ್ಳುವುದಕ್ಕೆ. ಆ ಬಟನ್ ಒತ್ತಿದಾಗಲೇ ನೀನು ಚಂದಾ ಕೊಳ್ಳಲು ಒಪ್ಪಿದಂತೆ. ಹಣ ಕೊಡುವ ದಿನ ಮಾತ್ರ ಮುಂದಕ್ಕೆ ಹೋಗಿರುತ್ತದೆ. ಬೇಡ ಎಂದು ನೀನಾಗಿಯೇ ಹೇಳುವವರೆಗೆ ಆ ಒಪ್ಪಿಗೆ ಹಾಗೆಯೇ ಇರುತ್ತದೆ.

ಒತ್ತುವ ಮುನ್ನ ಬಟನ್‌ನ ಕೆಳಗಿನ ಸಣ್ಣ ಅಕ್ಷರಗಳನ್ನು ಓದು. ಟ್ರಯಲ್ ಮುಗಿಯುವ ದಿನ, ಆಮೇಲಿನ ಮೊತ್ತ, ಅದು ತಿಂಗಳಿಗೋ ವರ್ಷಕ್ಕೋ ಎಂಬುದು ಅಲ್ಲೇ ಇರುತ್ತದೆ. ಈ ಮೂರನೆಯದರಲ್ಲೇ ಹೆಚ್ಚು ಜನ ಮೋಸ ಹೋಗುವುದು. ತಿಂಗಳ ಲೆಕ್ಕದ ಸಣ್ಣ ಮೊತ್ತವನ್ನು ದೊಡ್ಡದಾಗಿ ತೋರಿಸಿ, ಇಡೀ ವರ್ಷದ ಹಣವನ್ನು ಒಂದೇ ಸಲ ಕಡಿತ ಮಾಡುವ ಆ್ಯಪ್‌ಗಳಿವೆ. ವಾರ್ಷಿಕ ಯೋಜನೆಯನ್ನೇ ಮೊದಲೇ ಗುರುತು ಮಾಡಿಟ್ಟಿರುವುದೂ ಉಂಟು. ನೀನು ಮಾಸಿಕವನ್ನೇ ಆರಿಸು, ಆಮೇಲೆ ರದ್ದು ಮಾಡುವವಳಿದ್ದರೂ ಸರಿ. ಎಲ್ಲಾದರೂ ಮರೆತರೆ ಹೋಗುವುದು ಒಂದು ತಿಂಗಳ ಹಣ ಮಾತ್ರ.

ಕಾರ್ಡ್ ನಂಬರ್ ನಾನೇ ತುಂಬುತ್ತೇನೆ. ಇದು ನಿನ್ನ ಮೇಲಿನ ಅನುಮಾನವಲ್ಲ, ಕಾರ್ಡ್ ಯಾರ ಹೆಸರಿನಲ್ಲಿದೆಯೋ ಹೊಣೆಯೂ ಅವರದೇ. ಕಾರ್ಡಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಬೇಡ, ಗೆಳತಿಯರಿಗೂ ಕಳಿಸಬೇಡ. ಕಾರ್ಡಿನ ಹಿಂಬದಿಯ ಮೂರು ಅಂಕಿಗಳನ್ನಾಗಲೀ ಓಟಿಪಿಯನ್ನಾಗಲೀ ಫೋನ್ ಮಾಡಿ ಕೇಳಿದವರು ಯಾರೇ ಆಗಿರಲಿ, ಹೇಳಬಾರದು. ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡಲು ಕೆಲವು ಕಂಪನಿಗಳು ಸಣ್ಣ ಮೊತ್ತವೊಂದನ್ನು ತಡೆಹಿಡಿದು, ಆಮೇಲೆ ಬಿಟ್ಟುಕೊಡುವುದುಂಟು. ಅಂಥ ಸಂದೇಶ ಬಂದರೆ ಗಾಬರಿಯಾಗದೆ ನನಗೆ ತೋರಿಸು.

ಇನ್ನು ರದ್ದು ಮಾಡುವ ವಿಷಯ. ಆ್ಯಪ್ ಅಳಿಸಿಹಾಕಿದರೆ ಚಂದಾ ರದ್ದಾಗುವುದಿಲ್ಲ. ನಾನಿದನ್ನು ಕಲಿತದ್ದು ಹಣ ಕಳೆದುಕೊಂಡ ಮೇಲೆ. ಭಾಷೆ ಕಲಿಸುವ ಆ್ಯಪ್ ಒಂದನ್ನು ಎರಡು ದಿನ ನೋಡಿ, ಇಷ್ಟವಾಗದೆ ಅಳಿಸಿದ್ದೆ. ಮುಂದಿನ ವಾರ ಒಂದು ವರ್ಷದ ಹಣ ಕಡಿತವಾದ ಸಂದೇಶ ಬಂತು. ಮರಳಿಸಿ ಎಂದು ಮೂರು ಸಲ ಬರೆದೆ, ಮೂರು ಸಲವೂ ಇಲ್ಲ ಎಂಬ ಉತ್ತರ ಬಂತು. ಆ ಬೇಸರವೇ ನಿನ್ನೆ ನಿನ್ನ ಮೇಲೆ ತಿರುಗಿತು.

ಚಂದಾ ಎಲ್ಲಿ ಶುರುವಾಯಿತೋ ಅಲ್ಲಿಯೇ ಅದನ್ನು ರದ್ದು ಮಾಡಬೇಕು. ನೀನು ಪ್ಲೇ ಸ್ಟೋರ್ ಮೂಲಕ ತೆಗೆದುಕೊಳ್ಳುವುದರಿಂದ, ಪ್ಲೇ ಸ್ಟೋರ್‌ನಲ್ಲಿ ನಿನ್ನ ಪ್ರೊಫೈಲ್ ಚಿತ್ರ ಒತ್ತಿ, Payments & subscriptions ತೆರೆದು, ಅದರೊಳಗೆ Subscriptions ನೋಡು. ಐಫೋನಿನಲ್ಲಾದರೆ Settings ತೆರೆದು, ಮೇಲಿರುವ ಹೆಸರನ್ನು ಒತ್ತಿದರೆ Subscriptions ಸಿಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಕಾರ್ಡ್ ಕೊಟ್ಟಿದ್ದರೆ ಫೋನಿನ ಈ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ, ಅಲ್ಲಿಯ ಖಾತೆಗೇ ಹೋಗಬೇಕು. ರದ್ದು ಮಾಡುವಾಗ ಏಕೆ ಹೋಗುತ್ತೀರಿ, ರಿಯಾಯಿತಿ ಕೊಡಲೇ ಎಂದು ಒಂದರ ಮೇಲೊಂದು ಪುಟ ಬರಬಹುದು. ರದ್ದಾಗಿದೆ ಎಂದು ಸ್ಪಷ್ಟವಾಗಿ ಬರೆದು ತೋರಿಸುವವರೆಗೆ ಬಿಡಬೇಡ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡು. ದೃಢೀಕರಣದ ಇಮೇಲ್ ಬಂದಿದೆಯೇ ನೋಡು.

ಕೊನೆಯ ಗಳಿಗೆಗೆ ಕಾಯುವುದು ಬೇಡ. ಟ್ರಯಲ್ ಮುಗಿಯುವುದು ದಿನದ ಕೊನೆಗಲ್ಲ, ಶುರುವಾದ ಹೊತ್ತಿಗೇ ಇರಬಹುದು. ಐಫೋನಿನಲ್ಲಿ ಕನಿಷ್ಠ 24 ಗಂಟೆ ಮುಂಚೆಯೇ ರದ್ದು ಮಾಡಿ ಎಂದು ಆ್ಯಪಲ್ ಹೇಳುತ್ತದೆ. ನಿನ್ನ ಫೋನ್ ಬೇರೆಯಾದರೂ ನಾವು ಅದಕ್ಕಿಂತ ಮುಂಚೆಯೇ ಮಾಡೋಣ. ಈ ಭಾನುವಾರ ಸಂಜೆ 6 ಗಂಟೆಗೆ ಶುರು ಮಾಡಿದರೆ ಮುಂದಿನ ಭಾನುವಾರ ಸಂಜೆ 6ಕ್ಕೆ ಮುಗಿಯುತ್ತದೆ. ನಮ್ಮ ಗಡುವು ಶುಕ್ರವಾರ ರಾತ್ರಿ 8. ಬಟನ್ ಒತ್ತಿದ ಮರುಕ್ಷಣವೇ ನಿನ್ನ ಫೋನಿನಲ್ಲೂ ನನ್ನ ಫೋನಿನಲ್ಲೂ ಅಲಾರಂ ಇಡೋಣ. ರದ್ದು ಮಾಡಿದ ಕೂಡಲೇ ಆ್ಯಪ್ ನಿಂತುಹೋಗುತ್ತದೋ, ಉಳಿದ ದಿನ ನಡೆಯುತ್ತದೋ ಆ ಪುಟದಲ್ಲೇ ಬರೆದಿರುತ್ತದೆ. ನಿಂತರೂ ತೊಂದರೆಯಾಗದಂತೆ ಗುರುವಾರದೊಳಗೆ ವಿಡಿಯೊ ಮುಗಿಸಿ ಫೋನಿಗೆ ಇಳಿಸಿಕೊ.

ಇಷ್ಟಾದರೂ ತಪ್ಪಿಹೋಗಿ ಹಣ ಕಡಿತವಾದರೆ ನನ್ನಿಂದ ಮುಚ್ಚಿಡಬೇಡ, ಬೈಯುವುದಿಲ್ಲ. ಬೇಗ ಹೇಳಿದಷ್ಟೂ ಹಣ ಮರಳಿ ಪಡೆಯುವ ಅವಕಾಶ ಹೆಚ್ಚು.

ಭಾನುವಾರ 6ಕ್ಕೆ ಫೋನ್ ಚಾರ್ಜ್ ಮಾಡಿಕೊಂಡು ಬಾ, ನಾನು ಕಾರ್ಡ್ ತೆಗೆದಿಟ್ಟಿರುತ್ತೇನೆ.

ಅಮ್ಮ