ಜಿಮ್ ಗೋಡೆಗಳ ಮೇಲಿನ ಕ್ರಿಯಾಟಿನ್ ಸುಳ್ಳುಗಳು

ಮಾನ್ಯ ಸಂಪಾದಕರೇ,

ನನಗೆ ನಲವತ್ತಾರು ವರ್ಷ. ನಾಲ್ಕು ವರ್ಷಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ, ಎರಡು ವರ್ಷಗಳಿಂದ ಸ್ನಾಯುಬಲಕ್ಕೆಂದು ಮಾರುವ ಕ್ರಿಯಾಟಿನ್ ಪುಡಿಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ‘ಪೌಡರ್ ಅಂದರೆ ವಿಷ’ ಎನ್ನುವವರ ಗುಂಪಿಗೆ ನನ್ನನ್ನೂ ಸೇರಿಸಿ ಈ ಪತ್ರವನ್ನು ಪಕ್ಕಕ್ಕಿಟ್ಟಾರು. ನನ್ನ ತಕರಾರು ಕ್ರಿಯಾಟಿನ್ ಮೇಲಲ್ಲ, ಅದರ ಹೆಸರಿನಲ್ಲಿ ಗೋಡೆಗೆ ಹಚ್ಚಿರುವ ಮಾತುಗಳ ಮೇಲೆ.

ಕಳೆದ ತಿಂಗಳು ನಮ್ಮ ಜಿಮ್‌ನಲ್ಲಿ ಡಂಬಲ್ ಸ್ಟ್ಯಾಂಡಿನ ಮೇಲೆ, ಕನ್ನಡಿಗೆ ಒತ್ತಿಕೊಂಡಂತೆ, ಆಳೆತ್ತರದ ಫ್ಲೆಕ್ಸ್ ಒಂದು ಬಂತು. ಎಡಕ್ಕೆ ಹೆಗಲು ಜೋತುಬಿದ್ದ ಹುಡುಗ, ಬಲಕ್ಕೆ ಎಣ್ಣೆ ಸವರಿಕೊಂಡು ಎದೆಯುಬ್ಬಿಸಿ ನಿಂತ ಅದೇ ಹುಡುಗ. ನಡುವೆ ದಪ್ಪಕ್ಷರದಲ್ಲಿ ‘30 ದಿನಗಳಲ್ಲಿ 6 ಕೆ.ಜಿ. ಅಪ್ಪಟ ಸ್ನಾಯು’. ಅದರ ಕೆಳಗೆ ‘ನೀರು ಹಿಡಿಯುವುದಿಲ್ಲ’, ‘ಕೊಬ್ಬು ಕರಗಿಸುತ್ತದೆ’, ‘ಸಾದಾ ಮೊನೊಹೈಡ್ರೇಟ್‌ಗಿಂತ 5 ಪಟ್ಟು ಶಕ್ತಿ’, ‘ಎಲ್ಲ ವಯಸ್ಸಿನವರಿಗೂ ಶೇ 100 ಸುರಕ್ಷಿತ’. ಕುತೂಹಲ ತಡೆಯದೆ ಇನ್ನೆರಡು ಜಿಮ್‌ಗಳಿಗೂ ಹೋಗಿ ನೋಡಿದೆ. ಬಣ್ಣ ಬೇರೆ, ಬ್ರ್ಯಾಂಡ್ ಬೇರೆ, ಮಾತು ಮಾತ್ರ ಅದೇ. ಒಂದು ಕಡೆಯಂತೂ ಶೌಚಾಲಯದ ಬಾಗಿಲಿನ ಒಳಮೈಗೇ ಅಂಟಿಸಿದ್ದರು. ಕುಳಿತು ಓದಲು ಅಲ್ಲಿ ಪುರುಸೊತ್ತು ಸಿಗುತ್ತದೆ, ನಿಜ.

ಆ ಆರು ಕೆ.ಜಿ.ಯನ್ನೇ ನೋಡೋಣ. ಕ್ರಿಯಾಟಿನ್ ನಮ್ಮ ದೇಹಕ್ಕೆ ಹೊಸದೇನಲ್ಲ. ಯಕೃತ್ತು, ಮೂತ್ರಪಿಂಡಗಳಲ್ಲಿ ದಿನಕ್ಕೆ ಸುಮಾರು ಒಂದು ಗ್ರಾಂ ತಾನೇ ತಯಾರಾಗುತ್ತದೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಒಂದಿಷ್ಟು ಸಿಗುತ್ತದೆ. ದೇಹದಲ್ಲಿರುವ ಒಟ್ಟು ಕ್ರಿಯಾಟಿನ್‌ನ ಹೆಚ್ಚುಕಡಿಮೆ ಶೇ 95 ಭಾಗ ಸ್ನಾಯುಗಳಲ್ಲೇ ಇರುತ್ತದೆ. ಭಾರ ಎತ್ತುವಾಗಲೋ ಜೋರಾಗಿ ಓಡುವಾಗಲೋ ಮೊದಲ ಕೆಲವು ಸೆಕೆಂಡುಗಳಲ್ಲಿ ಖರ್ಚಾಗುವ ಶಕ್ತಿಯನ್ನು ಥಟ್ಟನೆ ಮತ್ತೆ ತುಂಬಿಕೊಡುವುದು ಇದರ ಕೆಲಸ. ಹೊರಗಿನಿಂದ ತೆಗೆದುಕೊಂಡರೆ ಆ ದಾಸ್ತಾನು ಸ್ವಲ್ಪ ಹೆಚ್ಚುತ್ತದೆ. ಎಂಟು ಸಲ ಎತ್ತಲು ಆಗುತ್ತಿದ್ದವನಿಗೆ ಒಂಬತ್ತನೆಯದೂ ಆದೀತು. ಆ ಒಂಬತ್ತನೆಯದನ್ನು ತಿಂಗಳುಗಟ್ಟಲೆ ಬಿಡದೆ ಎತ್ತಿದರೆ ಸ್ನಾಯು ಬೆಳೆಯುತ್ತದೆ. ಎತ್ತುವವನು ನೀವೇ, ಡಬ್ಬಿಯಲ್ಲ.

ಹಾಗಾದರೆ ಮೊದಲ ವಾರದಲ್ಲೇ ತೂಕದ ಯಂತ್ರದ ಮುಳ್ಳು ಏರುವುದೇಕೆ? ನೀರಿನಿಂದ. ಕ್ರಿಯಾಟಿನ್ ಸ್ನಾಯುವಿನ ಜೀವಕೋಶದೊಳಗೆ ಹೋಗುವಾಗ ನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಒಂದೆರಡು ಕೆ.ಜಿ. ಹೆಚ್ಚುವುದು ಮಾಮೂಲು. ಅದರಿಂದ ತೊಂದರೆಯೇನೂ ಇಲ್ಲ. ಆದರೆ ಆ ನೀರನ್ನೇ ಸ್ನಾಯು ಎಂದು ಲೆಕ್ಕ ಹಿಡಿದು, ಅದೇ ಫ್ಲೆಕ್ಸ್‌ನಲ್ಲಿ ‘ನೀರು ಹಿಡಿಯುವುದಿಲ್ಲ’ ಎಂದೂ ಬರೆಯಲು ಎಂಥ ಧೈರ್ಯ ಬೇಕು! 2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 54 ಜನರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 5 ಗ್ರಾಂ ಕ್ರಿಯಾಟಿನ್, ಇನ್ನೊಂದಕ್ಕೆ ಇಲ್ಲ. ವ್ಯಾಯಾಮ ಶುರುವಾಗುವ ಮೊದಲಿನ ವಾರದಲ್ಲಿ ಕ್ರಿಯಾಟಿನ್ ಗುಂಪಿನವರ ದೇಹತೂಕದ ಕೊಬ್ಬಿಲ್ಲದ ಭಾಗ ಅರ್ಧ ಕೆ.ಜಿ.ಯಷ್ಟು ಹೆಚ್ಚು ಏರಿತ್ತು. ಆಮೇಲೆ 12 ವಾರ ಎರಡೂ ಗುಂಪು ಒಂದೇ ವ್ಯಾಯಾಮ ಮಾಡಿದಾಗ ಇಬ್ಬರಲ್ಲೂ ಸರಾಸರಿ ಎರಡು ಕೆ.ಜಿ. ಬೆಳವಣಿಗೆ, ಅಷ್ಟೇ. ಒಂದು ಅಧ್ಯಯನವೇ ಅಂತಿಮವಲ್ಲ. ಅಲ್ಪಸ್ವಲ್ಪ ಲಾಭ ತೋರಿಸಿದ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ತಿಂಗಳಿಗೆ ಆರು ಕೆ.ಜಿ. ತೋರಿಸಿದ್ದು ಯಾವುದು? ಫ್ಲೆಕ್ಸ್ ಮಾಡಿಸಿದವರು ಹೇಳಲಿ.

‘ಕೊಬ್ಬು ಕರಗಿಸುತ್ತದೆ’ ಎಂಬ ಮಾತಿಗೆ ಉತ್ತರ ಬರೆದು ನಿಮ್ಮ ಜಾಗ ಕೆಡಿಸುವುದಿಲ್ಲ. ಅದು ಕ್ರಿಯಾಟಿನ್‌ನ ಕೆಲಸವೇ ಅಲ್ಲ.

‘ಐದು ಪಟ್ಟು ಶಕ್ತಿ’ಯ ಮಾತು ಜೇಬಿಗೆ ಸಂಬಂಧಿಸಿದ್ದು. ಕ್ರಿಯಾಟಿನ್‌ನ ರೂಪಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಮೊನೊಹೈಡ್ರೇಟ್ ಎಂಬ ಸಾದಾ, ಅಗ್ಗದ ಬಿಳಿ ಪುಡಿ. ಹೊಸ ಹೊಸ ಹೆಸರಿನಲ್ಲಿ ಬರುವ ದುಬಾರಿ ರೂಪಗಳು ಅದನ್ನು ಮೀರಿಸಿವೆ ಎಂಬುದಕ್ಕೆ ಆಧಾರವಿಲ್ಲ. ಈಥೈಲ್ ಎಸ್ಟರ್ ಎಂಬ ರೂಪ ಮೊನೊಹೈಡ್ರೇಟ್‌ಗಿಂತ ಕಳಪೆ ಎಂದೇ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಹಾಗೆಯೇ ‘ಲೋಡಿಂಗ್ ಮಾಡದಿದ್ದರೆ ಪ್ರಯೋಜನವಿಲ್ಲ’ ಎನ್ನುವ ಟ್ರೈನರ್‌ಗಳೂ ಇದ್ದಾರೆ. ಲೋಡಿಂಗ್ ಎಂದರೆ ಮೊದಲ ಕೆಲವು ದಿನ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುವುದು. ದಿನಕ್ಕೆ 20 ಗ್ರಾಂನಂತೆ ಆರು ದಿನ ತೆಗೆದುಕೊಂಡರೂ, 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಸ್ನಾಯು ತುಂಬಿಕೊಳ್ಳುವುದು ಅಷ್ಟೇ ಎಂದು 1996ರಲ್ಲೇ ತೋರಿಸಿಯಾಗಿದೆ. ಅವಸರವಿದ್ದವರು ಲೋಡಿಂಗ್ ಮಾಡಿಕೊಳ್ಳಲಿ. ಆದರೆ ಡಬ್ಬಿ ಬೇಗ ಖಾಲಿಯಾದರೆ ಲಾಭ ಯಾರಿಗೆ ಎಂಬುದನ್ನೂ ಯೋಚಿಸಲಿ.

ಇನ್ನು ‘ಶೇ 100 ಸುರಕ್ಷಿತ’. ಆರೋಗ್ಯವಂತ ವಯಸ್ಕರು ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಹಾನಿಯಾಗುವುದು ಸಂಶೋಧನೆಗಳಲ್ಲಿ ಕಂಡುಬಂದಿಲ್ಲ. ಈ ವಾಕ್ಯದಲ್ಲಿ ‘ಆರೋಗ್ಯವಂತ’, ‘ವಯಸ್ಕರು’ ಎಂಬ ಎರಡು ಪದಗಳಿವೆಯಲ್ಲ, ಫ್ಲೆಕ್ಸ್‌ನಲ್ಲಿ ಅವೆರಡೂ ಮಾಯ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ತನಗೆ ಆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದವರೂ ನಮ್ಮ ನಡುವೆ ಇರುತ್ತಾರೆ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕಳೆದ ವರ್ಷ ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಮಟ್ಟ ಮಿತಿಗಿಂತ ತುಸು ಮೇಲಿತ್ತು. ಎರಡು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ‘ಜಿಮ್ ಪೌಡರ್ ಏನಾದರೂ ತಗೊಳ್ತೀರಾ?’ ಕ್ರಿಯಾಟಿನ್ ದೇಹದಲ್ಲಿ ಒಡೆದಾಗ ಆಗುವುದೇ ಕ್ರಿಯಾಟಿನಿನ್, ಆದ್ದರಿಂದ ಮೂತ್ರಪಿಂಡ ಚೆನ್ನಾಗಿದ್ದರೂ ಈ ಅಂಕಿ ಸ್ವಲ್ಪ ಏರಬಹುದು ಎಂದು ಅವರು ಬಿಡಿಸಿ ಹೇಳಿ, ಬೇರೆ ಪರೀಕ್ಷೆ ಮಾಡಿಸಿ ಸಮಾಧಾನ ಮಾಡಿದರು. ‘ಪರೀಕ್ಷೆಗೆ ಹೋದಾಗ ವೈದ್ಯರಿಗೆ ತಿಳಿಸಿ’ ಎಂಬ ಒಂದೇ ಸಾಲು ಗೋಡೆಯ ಮೇಲಿದ್ದಿದ್ದರೆ ಆ ಎರಡು ರಾತ್ರಿ ಉಳಿಯುತ್ತಿತ್ತು. ನಮ್ಮ ಟ್ರೈನರ್‌ಗೇ ಇದು ಗೊತ್ತಿರಲಿಲ್ಲ.

ಈ ಪತ್ರ ಬರೆಯಲು ಕೂರಿಸಿದ್ದು ಮಾತ್ರ ಬೇರೆಯೇ ಸಂಗತಿ. ಹೋದ ವಾರ ಹತ್ತನೇ ತರಗತಿಯ ಹುಡುಗನೊಬ್ಬ ಆ ಫ್ಲೆಕ್ಸ್ ಮುಂದೆ ನಿಂತು ಒಮ್ಮೆ ಬಲಗಡೆಯ ಚಿತ್ರ, ಒಮ್ಮೆ ಕನ್ನಡಿ ನೋಡಿಕೊಳ್ಳುತ್ತಿದ್ದ. ‘ಅಂಕಲ್, ಎರಡು ಸ್ಕೂಪ್ ಹಾಕಿಕೊಂಡರೆ ಹದಿನೈದೇ ದಿನಕ್ಕೆ ಹಿಂಗಾಗಬಹುದಾ?’ ಎಂದ. ಹದಿನೆಂಟು ತುಂಬದ ಮಕ್ಕಳು ಇಂಥ ಪೂರಕಗಳನ್ನು ಬಳಸುವುದು ಬೇಡ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು. ಅದನ್ನೇ ಆ ಹುಡುಗನಿಗೆ ಹೇಳಿದೆ. ಅವನಿಗೆ ನನ್ನ ಮೇಲಿನದಕ್ಕಿಂತ ಫ್ಲೆಕ್ಸ್ ಮೇಲೆ ನಂಬಿಕೆ ಹೆಚ್ಚು ಎಂಬುದು ಮುಖದಲ್ಲೇ ಕಾಣುತ್ತಿತ್ತು. ನನ್ನ ಹೊಟ್ಟೆ ನೋಡಿದರೆ ಅವನದೂ ತಪ್ಪಲ್ಲ ಬಿಡಿ.

ಜಿಮ್ ಮಾಲೀಕರನ್ನು ಕೇಳಿದ್ದಕ್ಕೆ, ‘ಕಂಪನಿಯವರು ಹಾಕಿಸಿದ್ದು ಸಾರ್, ನಾವೇನೂ ಬರೆದಿಲ್ಲ’ ಎಂದರು. ಅದೇ ಡಬ್ಬಿಗಳು ಅವರ ಕೌಂಟರ್‌ನಲ್ಲೇ ಸಾಲಾಗಿ ಕುಳಿತಿವೆ. ಮಾರಾಟದಲ್ಲಿ ಪಾಲು ಪಡೆಯುವವರು ಮಾತಿನ ಹೊಣೆಯಲ್ಲೂ ಪಾಲು ಹೊರಬೇಕಲ್ಲವೇ? ಮೂರು ಜಿಮ್‌ಗಳ ಫ್ಲೆಕ್ಸ್‌ಗಳ ಫೋಟೊಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಆಹಾರ ಸುರಕ್ಷತೆ ಮತ್ತು ಗ್ರಾಹಕ ಹಿತದ ಹೊಣೆ ಹೊತ್ತ ಅಧಿಕಾರಿಗಳು ಅಂಗಡಿಗಳನ್ನಷ್ಟೇ ಅಲ್ಲ, ಜಿಮ್‌ಗಳ ಒಳಗೂ ಒಮ್ಮೆ ಬಂದು ಕಣ್ಣಾಡಿಸಲಿ. ಅಲ್ಲಿಯವರೆಗೆ ನಮ್ಮ ಮಾಲೀಕರು ಕನಿಷ್ಠ ‘30 ದಿನ, 6 ಕೆ.ಜಿ.’ ಇರುವ ಭಾಗದ ಮೇಲಾದರೂ ಒಂದು ಬಿಳಿ ಹಾಳೆ ಅಂಟಿಸಲಿ. ಹಾಳೆ ಮತ್ತು ಅಂಟು ನಾನೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಳಗಿನ ಆರು ಗಂಟೆ ಬ್ಯಾಚಿನ ಒಬ್ಬ ಸದಸ್ಯ